ಕಾರ್ಡಿನ ದೊಡ್ಡ ಖರೀದಿಯನ್ನು ಕಂತುಗಳಾಗಿ ಪರಿವರ್ತಿಸುವಾಗ ಗ್ರಾಹಕರು ವಾಸ್ತವವಾಗಿ ಪಾವತಿಸುವ ಮೊತ್ತ

ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡವು ತುಂಗಭದ್ರಾ ನದಿಯ ದಡದ ಗ್ರಾಮ. ಇಲ್ಲಿನ ಹಾಗೂ ಸುತ್ತಲಿನ ಗ್ರಾಮಗಳ ಮುಖ್ಯ ಬೆಳೆ ಭತ್ತ. ಈ ಭಾಗದ ಕುಟುಂಬಗಳು ಫ್ರಿಜ್ಜು, ವಾಷಿಂಗ್ ಮೆಷಿನ್, ಮೊಬೈಲ್, ಲ್ಯಾಪ್‌ಟಾಪ್ ಮುಂತಾದ ಬೆಲೆಬಾಳುವ ವಸ್ತುಗಳನ್ನು ಸಿರುಗುಪ್ಪ, ಕುರುಗೋಡು ಅಥವಾ ಬಳ್ಳಾರಿ ನಗರದ ಅಂಗಡಿಗಳಲ್ಲಿ ಕೊಳ್ಳುವಾಗ, ಇಲ್ಲವೇ ಅಂತರ್ಜಾಲದ ಮೂಲಕ ತರಿಸಿಕೊಳ್ಳುವಾಗ, ಕ್ರೆಡಿಟ್ ಕಾರ್ಡಿನ ಮೇಲೆ ಮಾಸಿಕ ಕಂತಿನ ಸೌಲಭ್ಯವನ್ನು ನೀಡಲಾಗುತ್ತದೆ. ಖರೀದಿಯ ಸಮಯದಲ್ಲಿ ಗ್ರಾಹಕರಿಗೆ ತಿಳಿಸಲಾಗುವುದು ಸಾಮಾನ್ಯವಾಗಿ ತಿಂಗಳ ಕಂತಿನ ಮೊತ್ತ ಮಾತ್ರ. ಆದರೆ ಆ ಮೊತ್ತವು ಗ್ರಾಹಕರ ಪೂರ್ಣ ವೆಚ್ಚವನ್ನು ತೋರಿಸುವುದಿಲ್ಲ. ಈ ವೆಚ್ಚವನ್ನು ಒಂದು ಉದಾಹರಣೆಯ ಮೂಲಕ ಲೆಕ್ಕ ಹಾಕುವ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕಂತಿನ ಪರಿವರ್ತನೆ ಎಂದರೇನು?

ಕ್ರೆಡಿಟ್ ಕಾರ್ಡಿನಿಂದ ಖರೀದಿ ಮಾಡಿದ ಹಣವನ್ನು ಬಿಲ್ಲಿನ ಕೊನೆಯ ದಿನಾಂಕದೊಳಗೆ ಪೂರ್ಣವಾಗಿ ಪಾವತಿಸಿದಲ್ಲಿ ಬಡ್ಡಿ ಇರುವುದಿಲ್ಲ. ಅಷ್ಟು ಹಣವನ್ನು ಒಮ್ಮೆಗೇ ಕಟ್ಟಲು ಸಾಧ್ಯವಾಗದವರು ಅದನ್ನು 3, 6, 9, 12 ಅಥವಾ ಅದಕ್ಕಿಂತ ಹೆಚ್ಚು ತಿಂಗಳುಗಳ ಸಮಾನ ಕಂತುಗಳಾಗಿ ವಿಂಗಡಿಸಿಕೊಳ್ಳಬಹುದು. ಇದನ್ನು ಇ.ಎಂ.ಐ. ಎಂದು ಕರೆಯುವುದು ರೂಢಿ. ಪರಿವರ್ತನೆಯನ್ನು ಅಂಗಡಿಯಲ್ಲಿ ಕಾರ್ಡ್ ಉಜ್ಜುವ ಯಂತ್ರದಲ್ಲಿಯೇ ಮಾಡಬಹುದು. ಇಲ್ಲವೇ ಖರೀದಿಯ ನಂತರ ಬ್ಯಾಂಕಿನ ಆ್ಯಪ್ ಮೂಲಕ ಅಥವಾ ದೂರವಾಣಿಯ ಮೂಲಕ ಕೋರಬಹುದು. ಎರಡೂ ಸಂದರ್ಭಗಳಲ್ಲಿ ಅಂಗಡಿಯವರಿಗೆ ಹಣ ಕೂಡಲೇ ಸಂದಾಯವಾಗುತ್ತದೆ. ಗ್ರಾಹಕರು ಸಾಲಗಾರರಾಗುವುದು ಕಾರ್ಡ್ ನೀಡಿದ ಬ್ಯಾಂಕಿಗೆ. ಆದುದರಿಂದ ಬಡ್ಡಿ, ಶುಲ್ಕ ಮತ್ತು ಷರತ್ತುಗಳನ್ನು ನಿರ್ಧರಿಸುವುದು ಬ್ಯಾಂಕೇ ಹೊರತು ಅಂಗಡಿಯವರಲ್ಲ.

ಈ ಸಾಲಕ್ಕೆ ಮೂರು ಬಗೆಯ ವೆಚ್ಚಗಳಿರುತ್ತವೆ. ಮೊದಲನೆಯದು ಬಡ್ಡಿ. ಎರಡನೆಯದು ಪರಿವರ್ತನೆಗಾಗಿ ಒಂದು ಬಾರಿ ವಿಧಿಸುವ ಪ್ರೊಸೆಸಿಂಗ್ ಶುಲ್ಕ. ಮೂರನೆಯದು ಇವೆರಡರ ಮೇಲೂ ಬೀಳುವ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ. ಬೇರೆ ಸಾಲಗಳ ಬಡ್ಡಿಗೆ ಜಿ.ಎಸ್.ಟಿ. ವಿನಾಯಿತಿ ಇದ್ದರೂ ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಆ ವಿನಾಯಿತಿ ಇಲ್ಲ. ಹೆಚ್ಚಿನ ಗ್ರಾಹಕರ ಗಮನಕ್ಕೆ ಬಾರದೆ ಉಳಿಯುವ ವೆಚ್ಚ ಇದೇ ಆಗಿರುತ್ತದೆ.

ಒಂದು ಉದಾಹರಣೆ

ಕೆಂಚನಗುಡ್ಡದ ಗೃಹಸ್ಥರೊಬ್ಬರು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದಾರೆಂದೂ, ಅವರಿಗೆ ತಿಂಗಳಿಗೆ ರೂ. 25,000 ಸಂಬಳವಿದೆಯೆಂದೂ, ಕುಟುಂಬಕ್ಕೆ ಸ್ವಲ್ಪ ಭತ್ತದ ಗದ್ದೆಯೂ ಇದೆಯೆಂದೂ ಭಾವಿಸೋಣ. ಬಳ್ಳಾರಿಯ ಕಾಲೇಜಿಗೆ ಸೇರಿದ ಮಗಳಿಗಾಗಿ ಅವರು ಜುಲೈ ತಿಂಗಳಿನಲ್ಲಿ ರೂ. 60,000 ಬೆಲೆಯ ಲ್ಯಾಪ್‌ಟಾಪ್ ಕೊಂಡು, ಆ ಹಣವನ್ನು ವಾರ್ಷಿಕ ಶೇಕಡಾ 16ರ ಬಡ್ಡಿಗೆ 12 ಕಂತುಗಳಾಗಿ ಪರಿವರ್ತಿಸಿಕೊಳ್ಳುತ್ತಾರೆ. ಪ್ರೊಸೆಸಿಂಗ್ ಶುಲ್ಕ ರೂ. 199. ಬಡ್ಡಿಯ ದರವೂ ಶುಲ್ಕವೂ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗಿರುತ್ತವೆ. ಇಲ್ಲಿನ ಅಂಕಿಗಳು ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ. ಪೈಸೆಗಳನ್ನು ರೂಪಾಯಿಗೆ ಸರಿಹೊಂದಿಸಲಾಗಿದೆ.

ಅಂಗಡಿಯಲ್ಲಿ ಅವರಿಗೆ ತಿಳಿಸಲಾದ ಕಂತು ತಿಂಗಳಿಗೆ ರೂ. 5,444. ಈ ಕಂತಿನಲ್ಲಿ ಅಸಲು ಮತ್ತು ಬಡ್ಡಿ ಎರಡೂ ಸೇರಿರುತ್ತವೆ. ಮೊದಲ ತಿಂಗಳು ಪೂರ್ಣ ರೂ. 60,000 ಬಾಕಿಯಿರುವುದರಿಂದ ಬಡ್ಡಿ ರೂ. 800 ಆಗುತ್ತದೆ; ಉಳಿದ ರೂ. 4,644 ಅಸಲಿಗೆ ಜಮೆಯಾಗುತ್ತದೆ. ಎರಡನೆಯ ತಿಂಗಳು ಬಾಕಿ ರೂ. 55,356ಕ್ಕೆ ಇಳಿದಿರುವುದರಿಂದ ಬಡ್ಡಿ ರೂ. 738ಕ್ಕೆ ಇಳಿಯುತ್ತದೆ. ಹೀಗೆ ಕಂತಿನ ಮೊತ್ತ ಒಂದೇ ಆಗಿದ್ದರೂ ಅದರೊಳಗಿನ ಬಡ್ಡಿಯ ಪಾಲು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಾ, ಕೊನೆಯ ಕಂತಿನಲ್ಲಿ ಸುಮಾರು ರೂ. 72 ಮಾತ್ರ ಉಳಿಯುತ್ತದೆ. ಇದಕ್ಕೆ ಇಳಿಯುವ ಬಾಕಿಯ ಮೇಲಿನ ಬಡ್ಡಿ ಎನ್ನುತ್ತಾರೆ.

ಆದರೆ ಆಗಸ್ಟ್ ತಿಂಗಳ ಬಿಲ್ಲು ಬಂದಾಗ ಅದರಲ್ಲಿ ಈ ಖರೀದಿಗಾಗಿ ರೂ. 5,444ರ ಬದಲು ರೂ. 5,823 ಇರುತ್ತದೆ. ಮೊದಲ ತಿಂಗಳ ಬಡ್ಡಿ ರೂ. 800ರ ಮೇಲೆ ರೂ. 144 ಜಿ.ಎಸ್.ಟಿ. ಸೇರಿದೆ, ಪ್ರೊಸೆಸಿಂಗ್ ಶುಲ್ಕವು ತೆರಿಗೆಯೊಂದಿಗೆ ರೂ. 235 ಆಗಿದೆ. ಇದರಲ್ಲಿ ಬ್ಯಾಂಕು ತಪ್ಪು ಮಾಡಿಲ್ಲ. ಅಂಗಡಿಯಲ್ಲಿ ಹೇಳಿದ ಕಂತಿನಲ್ಲಿ ತೆರಿಗೆಯೂ ಶುಲ್ಕವೂ ಸೇರಿರಲಿಲ್ಲ, ಅಷ್ಟೇ.

12 ತಿಂಗಳುಗಳ ಕೊನೆಯಲ್ಲಿ ಒಟ್ಟು ವೆಚ್ಚ ಈ ಕೆಳಗಿನಂತಿರುತ್ತದೆ.

| ವಿವರ | ಮೊತ್ತ (ರೂಪಾಯಿಗಳಲ್ಲಿ) |
|---|---|
| ಲ್ಯಾಪ್‌ಟಾಪಿನ ಬೆಲೆ | 60,000 |
| 12 ತಿಂಗಳ ಬಡ್ಡಿ | 5,326 |
| ಬಡ್ಡಿಯ ಮೇಲಿನ ಜಿ.ಎಸ್.ಟಿ. | 959 |
| ಪ್ರೊಸೆಸಿಂಗ್ ಶುಲ್ಕ, ತೆರಿಗೆ ಸೇರಿ | 235 |
| ಒಟ್ಟು ಪಾವತಿ | 66,520 |

ಅಂದರೆ ಹೆಚ್ಚುವರಿ ವೆಚ್ಚ ರೂ. 6,520. ಇದನ್ನು ಬಡ್ಡಿಯ ದರಕ್ಕೆ ಪರಿವರ್ತಿಸಿದಲ್ಲಿ ಶೇಕಡಾ 16ರ ಬದಲು ಸುಮಾರು ಶೇಕಡಾ 19.5 ಆಗುತ್ತದೆ. ಗ್ರಾಮಗಳಲ್ಲಿ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎಂದು ಹೇಳುವುದು ವಾಡಿಕೆ. ಆ ಲೆಕ್ಕದಲ್ಲಿ ಹೇಳಿದ ಬಡ್ಡಿ ಒಂದು ರೂಪಾಯಿ ಮೂವತ್ಮೂರು ಪೈಸೆಯಾದರೆ, ವಾಸ್ತವವಾಗಿ ಬಿದ್ದದ್ದು ಒಂದು ರೂಪಾಯಿ ಅರವತ್ತು ಪೈಸೆಗಿಂತ ಸ್ವಲ್ಪ ಹೆಚ್ಚು.

ಬಡ್ಡಿಯನ್ನು ಸ್ವತಃ ಅಂದಾಜು ಮಾಡುವ ಕ್ರಮ

ಗ್ರಾಹಕರು ಅಂಗಡಿಯಲ್ಲಿ ನಿಂತಲ್ಲೇ ಈ ಲೆಕ್ಕವನ್ನು ಸ್ಥೂಲವಾಗಿ ಮಾಡಬಹುದು. ಖರೀದಿಯ ಮೊತ್ತಕ್ಕೆ ಒಂದು ವರ್ಷದ ಬಡ್ಡಿಯನ್ನು ಕಂಡುಹಿಡಿಯಬೇಕು. ಅದನ್ನು ಕಂತುಗಳ ಸಂಖ್ಯೆಗೆ ಒಂದನ್ನು ಕೂಡಿಸಿ ಬಂದ ಸಂಖ್ಯೆಯಿಂದ ಗುಣಿಸಿ, 24ರಿಂದ ಭಾಗಿಸಬೇಕು. ಮೇಲಿನ ಉದಾಹರಣೆಯಲ್ಲಿ ರೂ. 60,000ಕ್ಕೆ ಶೇಕಡಾ 16ರಂತೆ ವರ್ಷದ ಬಡ್ಡಿ ರೂ. 9,600. ಅದನ್ನು 13ರಿಂದ ಗುಣಿಸಿ 24ರಿಂದ ಭಾಗಿಸಿದರೆ ರೂ. 5,200 ಬರುತ್ತದೆ. ನಿಖರವಾದ ಮೊತ್ತ ರೂ. 5,326 ಆಗಿರುವುದರಿಂದ ಅಂದಾಜು ಸಾಕಷ್ಟು ಹತ್ತಿರವಿದೆ. ಇದಕ್ಕೆ ಶೇಕಡಾ 18ರ ತೆರಿಗೆ ಮತ್ತು ಶುಲ್ಕವನ್ನು ಸೇರಿಸಿದಲ್ಲಿ ಪೂರ್ಣ ವೆಚ್ಚ ದೊರೆಯುತ್ತದೆ.

ಈ ಕ್ರಮದಿಂದ ಇನ್ನೊಂದು ಪ್ರಯೋಜನವಿದೆ. ಕೆಲವೆಡೆ ಬಡ್ಡಿಯನ್ನು ಫ್ಲಾಟ್ ದರದಲ್ಲಿ ಹೇಳಲಾಗುತ್ತದೆ. ಫ್ಲಾಟ್ ದರದಲ್ಲಿ ಪ್ರತಿ ತಿಂಗಳೂ ಅಸಲು ತೀರುತ್ತಾ ಬಂದರೂ ಬಡ್ಡಿಯನ್ನು ಮಾತ್ರ ಕೊನೆಯವರೆಗೆ ಮೂಲ ಮೊತ್ತದ ಮೇಲೆಯೇ ಎಣಿಸಲಾಗುತ್ತದೆ. ರೂ. 60,000ಕ್ಕೆ ಫ್ಲಾಟ್ ಶೇಕಡಾ 9 ಎಂದರೆ ವರ್ಷಕ್ಕೆ ರೂ. 5,400. ಇದು ಇಳಿಯುವ ಬಾಕಿಯ ಮೇಲಿನ ಶೇಕಡಾ 16ರ ಬಡ್ಡಿಗಿಂತಲೂ ಸ್ವಲ್ಪ ಹೆಚ್ಚೇ ಆಗುತ್ತದೆ. 9 ಎಂಬ ಸಣ್ಣ ಅಂಕಿಯನ್ನು ಕೇಳಿ ಸಾಲ ಅಗ್ಗವೆಂದು ಭಾವಿಸಬಾರದು. ದರವನ್ನು ಹೇಳಿದಾಗ ಅದು ಫ್ಲಾಟ್ ದರವೇ, ಇಳಿಯುವ ಬಾಕಿಯ ದರವೇ ಎಂದು ಕೇಳಿ ತಿಳಿದುಕೊಳ್ಳುವುದು ಅವಶ್ಯಕ.

"ನೋ ಕಾಸ್ಟ್" ಕಂತುಗಳಲ್ಲಿ ಬಡ್ಡಿ ಇರುವುದಿಲ್ಲವೇ?

ಹಬ್ಬದ ದಿನಗಳಲ್ಲಿ ನೋ ಕಾಸ್ಟ್ ಅಥವಾ ಶೂನ್ಯ ಬಡ್ಡಿಯ ಕಂತುಗಳ ಜಾಹೀರಾತು ಹೆಚ್ಚು. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲವೆಂದೂ, ಇಂತಹ ಯೋಜನೆಗಳಲ್ಲಿ ಬಡ್ಡಿಯನ್ನು ಅನೇಕ ವೇಳೆ ಪ್ರೊಸೆಸಿಂಗ್ ಶುಲ್ಕದ ರೂಪದಲ್ಲಿ ಮರೆಮಾಚಿ ಗ್ರಾಹಕರಿಂದಲೇ ಪಡೆಯಲಾಗುತ್ತದೆಯೆಂದೂ ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಬರೆದ ಸುತ್ತೋಲೆಯಲ್ಲಿ ತಿಳಿಸಿತ್ತು. ಅನಂತರ ರೂಢಿಗೆ ಬಂದ ವಿಧಾನದಲ್ಲಿ ಬ್ಯಾಂಕು ಎಂದಿನಂತೆ ಬಡ್ಡಿಯನ್ನು ವಿಧಿಸುತ್ತದೆ. ಅಷ್ಟೇ ಮೊತ್ತವನ್ನು ಮಾರಾಟಗಾರರು ಅಥವಾ ತಯಾರಕರು ಬೆಲೆಯಲ್ಲಿ ಮೊದಲೇ ರಿಯಾಯಿತಿಯಾಗಿ ಕಳೆಯುತ್ತಾರೆ.

ಅದೇ ಲ್ಯಾಪ್‌ಟಾಪ್ ನೋ ಕಾಸ್ಟ್ ಯೋಜನೆಯಲ್ಲಿ ದೊರೆತರೆ ಕಂತು ತಿಂಗಳಿಗೆ ಸರಿಯಾಗಿ ರೂ. 5,000, ಒಟ್ಟು ರೂ. 60,000 ಆಗುತ್ತದೆ. ಇದರ ಹಿಂದಿನ ಲೆಕ್ಕ ಹೀಗಿದೆ: ಬೆಲೆಯಲ್ಲಿ ರೂ. 4,892 ರಿಯಾಯಿತಿ ಕಳೆದು ರೂ. 55,108ನ್ನು ಸಾಲವಾಗಿ ಬರೆಯಲಾಗುತ್ತದೆ. ಅದಕ್ಕೆ ಶೇಕಡಾ 16ರಂತೆ ರೂ. 4,892 ಬಡ್ಡಿ ಬೀಳುತ್ತದೆ. ರಿಯಾಯಿತಿಯೂ ಬಡ್ಡಿಯೂ ಒಂದಕ್ಕೊಂದು ಸರಿಹೋಗುತ್ತವೆ. ಆದರೆ ಬಡ್ಡಿ ಇರುವುದರಿಂದ ಅದರ ಮೇಲಿನ ಜಿ.ಎಸ್.ಟಿ. ರೂ. 881ನ್ನು ಗ್ರಾಹಕರೇ ಭರಿಸಬೇಕು. ಪ್ರೊಸೆಸಿಂಗ್ ಶುಲ್ಕ ರೂ. 235 ಸೇರಿದರೆ ವೆಚ್ಚವಿಲ್ಲದ ಕಂತಿನ ವೆಚ್ಚ ರೂ. 1,116 ಆಗುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ನಗದು ಬೆಲೆ. ಕಂತಿನ ರಿಯಾಯಿತಿಯನ್ನು ಪಡೆದವರಿಗೆ ಇತರ ರಿಯಾಯಿತಿಗಳು ದೊರೆಯದಿರುವ ಸಂದರ್ಭಗಳಿವೆ. ಒಮ್ಮೆಗೇ ಹಣ ಕೊಟ್ಟವರಿಗೆ ಅದೇ ವಸ್ತುವನ್ನು ರೂ. 57,000ಕ್ಕೆ ನೀಡಲು ಅಂಗಡಿಯವರು ಸಿದ್ಧರಿದ್ದಲ್ಲಿ, ಕಂತಿನ ನಿಜವಾದ ವೆಚ್ಚ ರೂ. 1,116ರ ಬದಲು ರೂ. 4,116 ಎಂದಾಗುತ್ತದೆ. ಅದು ವಾರ್ಷಿಕ ಶೇಕಡಾ 13ರ ಬಡ್ಡಿಗೆ ಸಮಾನ. ಆದುದರಿಂದ ಕಂತಿನ ವಿಷಯವನ್ನು ಪ್ರಸ್ತಾಪಿಸುವ ಮೊದಲೇ ನಗದು ಬೆಲೆಯನ್ನು ಕೇಳಿ, ಎರಡು ಅಂಗಡಿಗಳಲ್ಲಿ ಹೋಲಿಸಿ ನೋಡುವುದು ಸೂಕ್ತ. ಕಂತಿನ ವೆಚ್ಚವನ್ನು ಯಾವಾಗಲೂ ಆ ನಗದು ಬೆಲೆಯಿಂದ ಎಣಿಸತಕ್ಕದ್ದು. ಪೆಟ್ಟಿಗೆಯ ಮೇಲೆ ಮುದ್ರಿಸಿದ ಬೆಲೆಯಿಂದಲ್ಲ.

ಬ್ಯಾಂಕು ತಿಳಿಸಬೇಕಾದ ವಿವರಗಳು

ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರಂದು ಹೊರಡಿಸಿದ ಕಾರ್ಡುಗಳ ಕುರಿತ ನಿರ್ದೇಶನಗಳು ಈ ವಿಷಯದಲ್ಲಿ ಗ್ರಾಹಕರಿಗೆ ಸ್ಪಷ್ಟವಾದ ಹಕ್ಕನ್ನು ನೀಡಿದವು. ಖರೀದಿಯನ್ನು ಕಂತುಗಳಾಗಿ ಪರಿವರ್ತಿಸುವುದಕ್ಕೆ ಮೊದಲೇ ಅಸಲು, ಬಡ್ಡಿ ಹಾಗೂ ಬ್ಯಾಂಕು ಅಥವಾ ಮಾರಾಟಗಾರರು ಮುಂಗಡವಾಗಿ ನೀಡುವ ರಿಯಾಯಿತಿ, ಈ ಮೂರನ್ನೂ ಬೇರೆಬೇರೆಯಾಗಿ ತಿಳಿಸಬೇಕೆಂದು ಅವು ವಿಧಿಸಿದವು. ಇದೇ ವಿವರಗಳು ಕಾರ್ಡಿನ ಬಿಲ್ಲಿನಲ್ಲಿಯೂ ಪ್ರತ್ಯೇಕವಾಗಿ ಕಾಣಿಸಬೇಕು. ಬಡ್ಡಿಯನ್ನು ಒಳಗೊಂಡ ಕಂತನ್ನು ಬಡ್ಡಿಯಿಲ್ಲದ ಕಂತೆಂದು ತೋರಿಸಬಾರದು.

ಆದುದರಿಂದ ಪರಿವರ್ತನೆಗೆ ಒಪ್ಪಿಗೆ ನೀಡುವ ಮೊದಲು ಗ್ರಾಹಕರು ಯಂತ್ರದಿಂದ ಬರುವ ಚೀಟಿಯನ್ನು ಅಥವಾ ಮೊಬೈಲಿನ ಪರದೆಯನ್ನು ಓದಿ, ಬಡ್ಡಿಯ ಒಟ್ಟು ಮೊತ್ತ, ಪ್ರೊಸೆಸಿಂಗ್ ಶುಲ್ಕ ಮತ್ತು ಅವಧಿಗೆ ಮೊದಲೇ ಸಾಲ ತೀರಿಸಿದಲ್ಲಿ ಬೀಳುವ ಶುಲ್ಕವನ್ನು ಗುರುತು ಹಾಕಿಕೊಳ್ಳತಕ್ಕದ್ದು. ಚೀಟಿಯನ್ನು ಕೊನೆಯ ಕಂತಿನವರೆಗೆ ಕಾಪಾಡಬೇಕು. ಅದರ ಮುದ್ರಣ ಕೆಲವು ತಿಂಗಳಲ್ಲಿ ಮಾಸುವುದರಿಂದ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಒಳಿತು. ಪ್ರೊಸೆಸಿಂಗ್ ಶುಲ್ಕವು ನಿಗದಿತ ಮೊತ್ತವೇ ಅಥವಾ ಖರೀದಿಯ ಶೇಕಡಾವಾರು ಮೊತ್ತವೇ ಎಂಬುದನ್ನೂ ನೋಡಬೇಕು. ಮೇಲಿನ ಉದಾಹರಣೆಯಲ್ಲಿ ರೂ. 199ರ ಬದಲು ಶೇಕಡಾ 2ರಂತೆ ಶುಲ್ಕವಿದ್ದಲ್ಲಿ ಅದೊಂದೇ ರೂ. 1,200, ತೆರಿಗೆ ಸೇರಿ ರೂ. 1,416 ಆಗುತ್ತಿತ್ತು. ಶುಲ್ಕ ಒಂದೇ ಬಾರಿ ಬೀಳುವುದರಿಂದ ಅವಧಿ ಕಡಿಮೆಯಾದಷ್ಟೂ ಅದರ ಭಾರ ಹೆಚ್ಚು. 3 ತಿಂಗಳ ಕಂತಿಗೆ ಶೇಕಡಾವಾರು ಶುಲ್ಕವಿದ್ದಲ್ಲಿ ಬಡ್ಡಿಗಿಂತ ಶುಲ್ಕದ ಲೆಕ್ಕವನ್ನೇ ಮೊದಲು ಮಾಡಬೇಕಾಗುತ್ತದೆ.

ಸುಗ್ಗಿಯ ಆದಾಯ ಮತ್ತು ತಿಂಗಳ ಕಂತು

ಬೆಳೆಸಾಲದ ಮರುಪಾವತಿಯನ್ನು ಬೆಳೆಯ ಅವಧಿಗೆ ಹೊಂದಿಸಿ ನಿಗದಿಪಡಿಸಲಾಗುತ್ತದೆ. ಕಾರ್ಡಿನ ಕಂತಿಗೆ ಅಂತಹ ಹೊಂದಾಣಿಕೆ ಇಲ್ಲ. ನಾಟಿಯ ಖರ್ಚಿನ ತಿಂಗಳಾಗಲಿ, ಕೊಯ್ಲಿನ ತಿಂಗಳಾಗಲಿ, ಕಂತು ಒಂದೇ ದಿನಾಂಕಕ್ಕೆ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಅಚ್ಚುಕಟ್ಟಿನ ರೈತರು ತಮ್ಮ ಬೆಳೆಗೆ ನೀರು ದೊರೆಯುವುದೋ ಇಲ್ಲವೋ ಎಂಬ ಚಿಂತೆಗೆ ಒಳಗಾಗಿದ್ದರು. ಅಂತಹ ವರ್ಷದಲ್ಲಿಯೂ ಕಾರ್ಡಿನ ಬಿಲ್ಲು ನಿಲ್ಲುವುದಿಲ್ಲ. ಆದುದರಿಂದ ಕಂತನ್ನು ಸಂಬಳ, ಹಾಲಿನ ಬಟವಾಡೆ, ಬಾಡಿಗೆ ಮುಂತಾದ ತಿಂಗಳ ಆದಾಯದಿಂದಲೇ ಕಟ್ಟಲು ಸಾಧ್ಯವೇ ಎಂದು ನೋಡಬೇಕೇ ಹೊರತು ಬರಲಿರುವ ಬೆಳೆಯ ಹಣವನ್ನು ಲೆಕ್ಕಕ್ಕೆ ಹಿಡಿಯಬಾರದು. ಉದಾಹರಣೆಯ ಗೃಹಸ್ಥರ ಮಟ್ಟಿಗೆ ರೂ. 25,000 ಸಂಬಳದಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹಣ ಒಂದು ವರ್ಷ ಈ ಕಂತಿಗೇ ಮೀಸಲಾಗುತ್ತದೆ.

ಕಂತು ತಪ್ಪಿದಲ್ಲಿ ಆಗುವ ಪರಿಣಾಮವನ್ನು ತಿಳಿದಿರುವುದು ಅಗತ್ಯ. ಕಂತಿನ ಮೊತ್ತವು ಬಿಲ್ಲಿನ ಕನಿಷ್ಠ ಪಾವತಿಯಲ್ಲಿ ಸೇರಿರುತ್ತದೆ. ಕಟ್ಟದೆ ಉಳಿದ ಕಂತಿಗೆ ಶೇಕಡಾ 16ರ ದರ ಅನ್ವಯವಾಗುವುದಿಲ್ಲ. ಕಾರ್ಡಿನ ಸಾಮಾನ್ಯ ಬಡ್ಡಿಯಾದ, ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ 3.5ರಷ್ಟಿರುವ ದರ ಅನ್ವಯವಾಗುತ್ತದೆ. ಅದು ನೂರಕ್ಕೆ ಮೂರೂವರೆ ರೂಪಾಯಿಯ ಬಡ್ಡಿ, ವರ್ಷಕ್ಕೆ ಶೇಕಡಾ 42. ಅದರ ಮೇಲೆಯೂ ಜಿ.ಎಸ್.ಟಿ. ಇದೆ. ವಿಳಂಬ ಶುಲ್ಕ ಪ್ರತ್ಯೇಕ. ಅಷ್ಟೇ ಅಲ್ಲದೆ, ಒಂದು ಬಿಲ್ಲಿನಲ್ಲಿ ಬಾಕಿ ಉಳಿದರೆ ಅದೇ ಕಾರ್ಡಿನಿಂದ ಅನಂತರ ಮಾಡಿದ ದಿನಸಿ, ಔಷಧಿಗಳಂತಹ ಖರೀದಿಗಳಿಗೂ ಬಡ್ಡಿಯಿಲ್ಲದ ಅವಧಿ ದೊರೆಯದೆ, ಖರೀದಿಯ ದಿನದಿಂದಲೇ ಬಡ್ಡಿ ಬೀಳುತ್ತದೆ. ಪಾವತಿಯ ವಿಳಂಬವು ಸಾಲದ ಮಾಹಿತಿ ಸಂಸ್ಥೆಗಳ ದಾಖಲೆಯನ್ನು ಸೇರುವುದರಿಂದ ಮುಂದೆ ಪಡೆಯುವ ಸಾಲಗಳ ಮೇಲೆಯೂ ಪರಿಣಾಮವಾಗುತ್ತದೆ.

ಇದೇ ಕಾರಣದಿಂದ, ಬಿಲ್ಲನ್ನು ಪೂರ್ಣವಾಗಿ ಕಟ್ಟಲಾಗದವರು ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟಿ ಉಳಿದುದನ್ನು ಮುಂದೂಡುವುದಕ್ಕಿಂತ ಕಂತಿನ ಪರಿವರ್ತನೆ ಮೇಲು. ರೂ. 60,000ನ್ನು ಹಾಗೆಯೇ ಬಿಟ್ಟಲ್ಲಿ ತಿಂಗಳಿಗೆ ತೆರಿಗೆ ಸೇರಿ ಸುಮಾರು ರೂ. 2,478 ಬಡ್ಡಿ ಬೀಳುತ್ತದೆ. ಕಂತಿನಲ್ಲಿ ಮೊದಲ ತಿಂಗಳ ಬಡ್ಡಿ ಮತ್ತು ತೆರಿಗೆ ರೂ. 944. ಕಂತಿನ ಸೌಲಭ್ಯ ಅನುಕೂಲವಾಗುವುದು ಇಂತಹ ಸಂದರ್ಭದಲ್ಲಿ. ಆದರೆ ಪರಿವರ್ತನೆಯ ಕೋರಿಕೆಯನ್ನು ಬಿಲ್ಲಿನ ಕೊನೆಯ ದಿನಾಂಕಕ್ಕೆ ಸಾಕಷ್ಟು ಮೊದಲೇ ಸಲ್ಲಿಸಿ, ಅದು ಅಂಗೀಕಾರವಾದ ಸಂದೇಶ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು.

ಅವಧಿಗೆ ಮೊದಲೇ ತೀರಿಸುವುದು ಲಾಭದಾಯಕವೇ?

ಡಿಸೆಂಬರ್‌ನಲ್ಲಿ ಭತ್ತ ಮಾರಿ ಹಣ ಬಂದಾಗ ಉಳಿದ ಕಂತುಗಳನ್ನು ಒಮ್ಮೆಗೇ ತೀರಿಸಿಬಿಡಬೇಕೆಂದು ಅನೇಕರು ಯೋಚಿಸುತ್ತಾರೆ. ಇದಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಉಳಿದ ಅಸಲಿನ ಮೇಲೆ ಶುಲ್ಕ ವಿಧಿಸುತ್ತವೆ. ಆ ಶುಲ್ಕ ಶೇಕಡಾ 3 ಮತ್ತು ಅದರ ಮೇಲೆ ಜಿ.ಎಸ್.ಟಿ. ಎಂದಿಟ್ಟುಕೊಂಡು ಲೆಕ್ಕ ಹಾಕಿದಲ್ಲಿ ಫಲಿತಾಂಶ ಹೀಗಿರುತ್ತದೆ.

ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ 5 ಕಂತು ಕಟ್ಟಿದ ಮೇಲೆ ಉಳಿಯುವ ಅಸಲು ರೂ. 36,153. ಮುಂದಿನ 7 ತಿಂಗಳ ಬಡ್ಡಿ ಮತ್ತು ತೆರಿಗೆ ಸೇರಿ ರೂ. 2,306 ಉಳಿತಾಯವಾಗುತ್ತದೆ, ಮುಕ್ತಾಯದ ಶುಲ್ಕ ತೆರಿಗೆಯೊಂದಿಗೆ ರೂ. 1,280 ಬೀಳುತ್ತದೆ. ನಿವ್ವಳ ಉಳಿತಾಯ ರೂ. 1,026. ಅದೇ 9 ಕಂತು ಕಟ್ಟಿದ ಮೇಲೆ, ಅಂದರೆ ಏಪ್ರಿಲ್‌ನಲ್ಲಿ ತೀರಿಸಿದರೆ, ಉಳಿಯುವ ಅಸಲು ರೂ. 15,906, ತಪ್ಪುವ ಬಡ್ಡಿ ಮತ್ತು ತೆರಿಗೆ ಸುಮಾರು ರೂ. 503, ಕಟ್ಟಬೇಕಾದ ಶುಲ್ಕ ರೂ. 563. ಇಲ್ಲಿ ಬೇಗ ತೀರಿಸಿದ್ದರಿಂದ ರೂ. 60 ನಷ್ಟವೇ ಆಗುತ್ತದೆ. ಕಂತಿನ ಬಡ್ಡಿಯ ಹೆಚ್ಚಿನ ಭಾಗ ಮೊದಲ ತಿಂಗಳುಗಳಲ್ಲಿಯೇ ಸಂದಾಯವಾಗಿರುವುದು ಇದಕ್ಕೆ ಕಾರಣ. ಬೇಗ ತೀರಿಸುವುದಾದರೆ ಅವಧಿಯ ಮೊದಲ ಅರ್ಧದಲ್ಲಿಯೇ ತೀರಿಸಬೇಕು. ಕೊನೆಯ ಮೂರು ಕಂತುಗಳಿರುವಾಗ ಎಂದಿನಂತೆ ಕಟ್ಟಿಕೊಂಡು ಹೋಗುವುದೇ ಮೇಲು. ಸುಗ್ಗಿಯ ಹೊತ್ತಿಗೆ ತೀರಿಸುವ ಉದ್ದೇಶ ಮೊದಲೇ ಇದ್ದಲ್ಲಿ, ತಿಂಗಳ ಆದಾಯಕ್ಕೆ ಭಾರವಾಗದಿದ್ದರೆ, 12ರ ಬದಲು 6 ಕಂತುಗಳನ್ನು ಆಯ್ದುಕೊಳ್ಳುವುದರಿಂದ ಈ ಶುಲ್ಕವನ್ನೇ ತಪ್ಪಿಸಬಹುದು.

ವಸ್ತುವನ್ನು ಹಿಂದಿರುಗಿಸಿದಲ್ಲಿ

ದೋಷದ ಕಾರಣ ವಸ್ತುವನ್ನು ಹಿಂದಿರುಗಿಸಿ, ಅಂಗಡಿಯವರು ಹಣವನ್ನು ಕಾರ್ಡಿಗೆ ಮರಳಿಸಿದರೂ ಕಂತುಗಳು ತಾವಾಗಿಯೇ ರದ್ದಾಗುತ್ತವೆಯೆಂದು ತಿಳಿಯಬಾರದು. ಅಂಗಡಿಯ ವ್ಯವಹಾರವೂ ಬ್ಯಾಂಕಿನ ಸಾಲವೂ ಬೇರೆಬೇರೆ. ಮರಳಿದ ಹಣ ಜಮೆಯಾಗಿರುವುದನ್ನು ಬಿಲ್ಲಿನಲ್ಲಿ ನೋಡಿ, ಕಂತುಗಳನ್ನು ರದ್ದುಪಡಿಸುವಂತೆ ಬ್ಯಾಂಕಿಗೆ ಪ್ರತ್ಯೇಕವಾಗಿ ತಿಳಿಸಿ, ಕೋರಿಕೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಪ್ರೊಸೆಸಿಂಗ್ ಶುಲ್ಕ ಮತ್ತು ಅಲ್ಲಿಯವರೆಗೆ ಬಿದ್ದ ಬಡ್ಡಿ ಸಾಮಾನ್ಯವಾಗಿ ಮರಳಿ ಬರುವುದಿಲ್ಲ.

ದೂರು ಸಲ್ಲಿಸುವ ವಿಧಾನ

ಹೇಳಿದ ದರಕ್ಕಿಂತ ಹೆಚ್ಚು ಬಡ್ಡಿ ವಿಧಿಸಿದ್ದರೆ, ತಿಳಿಸದ ಶುಲ್ಕವನ್ನು ಬಿಲ್ಲಿನಲ್ಲಿ ಸೇರಿಸಿದ್ದರೆ ಅಥವಾ ಬಡ್ಡಿಯ ವಿವರವನ್ನು ಪ್ರತ್ಯೇಕವಾಗಿ ತೋರಿಸದಿದ್ದರೆ, ಮೊದಲು ಕಾರ್ಡ್ ನೀಡಿದ ಬ್ಯಾಂಕಿಗೆ ಲಿಖಿತ ದೂರು ಸಲ್ಲಿಸಬೇಕು. ದೂರಿನೊಂದಿಗೆ ಖರೀದಿಯ ಚೀಟಿ, ಪರಿವರ್ತನೆಯ ಸಂದೇಶ ಮತ್ತು ಸಂಬಂಧಿಸಿದ ತಿಂಗಳ ಬಿಲ್ಲಿನ ಪ್ರತಿಗಳನ್ನು ಲಗತ್ತಿಸಬೇಕು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, ಅಥವಾ ಉತ್ತರವು ಸಮಾಧಾನಕರವಾಗಿಲ್ಲದಿದ್ದಲ್ಲಿ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ cms.rbi.org.in ಜಾಲತಾಣದ ಮೂಲಕ ದೂರು ನೀಡಬಹುದು, ಇದಕ್ಕೆ ಶುಲ್ಕವಿರುವುದಿಲ್ಲ. ದೂರು ಸಲ್ಲಿಸುವ ಕುರಿತು ಮಾಹಿತಿಯನ್ನು 14448 ದೂರವಾಣಿಯಲ್ಲಿ ಪಡೆಯಬಹುದು.

ಅಂಗಡಿಯವರು ಜಾಹೀರಾತಿನಲ್ಲಿ ತಿಳಿಸಿದ ರಿಯಾಯಿತಿಯನ್ನು ನೀಡದಿದ್ದಲ್ಲಿ ದೂರು ಅಂಗಡಿಯವರ ವಿರುದ್ಧವಾಗಿರುತ್ತದೆ. ಅದಕ್ಕಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಇತ್ಯರ್ಥವಾಗದಿದ್ದಲ್ಲಿ ಬಳ್ಳಾರಿಯಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಯಾವುದೇ ಸಂದರ್ಭದಲ್ಲಿ ಕಾರ್ಡಿನ ಸಂಖ್ಯೆ, ಗುಪ್ತಸಂಖ್ಯೆ ಅಥವಾ ಮೊಬೈಲಿಗೆ ಬರುವ ಒ.ಟಿ.ಪಿ.ಯನ್ನು ದೂರಿನಲ್ಲಿ ಬರೆಯಬಾರದು. ದೂರು ವಿಚಾರಣೆಯಲ್ಲಿದ್ದರೂ ವಿವಾದವಿಲ್ಲದ ಕಂತುಗಳನ್ನು ಗಡುವಿನೊಳಗೆ ಪಾವತಿಸುತ್ತಿರಬೇಕು.